ಒಂದು ಪೋಸ್ಟರ್, ಮೂರು ದೂರ

ಒಂದು ತಾಲ್ಲೂಕು ಕೇಂದ್ರದ ಹವ್ಯಾಸಿ ತಂಡ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕ ಆಡುತ್ತಿದೆ ಎಂದಿಟ್ಟುಕೊಳ್ಳಿ. ತಂಡದಲ್ಲೇ ಚಿತ್ರ ಬರೆಯುವ ಒಬ್ಬರು ಚೆಂದದ ಪೋಸ್ಟರ್ ಮಾಡಿಕೊಟ್ಟಿದ್ದಾರೆ. ಅರಿಸಿನ ಬಣ್ಣದ ಹಿನ್ನೆಲೆ. ಅದರ ಮೇಲೆ ಹೆಂಗಸರು ಬುಟ್ಟಿಯಲ್ಲಿ ಹೊತ್ತು ತರುವ ಮಣ್ಣಿನ ಜೋಕುಮಾರನ ಮುಖ: ಅಗಲಕ್ಕೆ ತೆರೆದ ಕಣ್ಣು, ಬಾಯಿ, ಎರಡೂ ಕಡೆ ಸುರುಳಿಯಾದ ಮೀಸೆ, ಸುತ್ತ ಬೇವಿನ ಸೊಪ್ಪು. ಮೀಸೆಯ ಕೆಳಗೆ ಕೈಯಲ್ಲೇ ಬರೆದ ಕಡುಗಂದು ಅಕ್ಷರಗಳಲ್ಲಿ ನಾಟಕದ ಹೆಸರು. ಎಡ ಮೀಸೆಯ ತುದಿ ಇಳಿದು ಬಂದು ‘ಜೋ’ ಅಕ್ಷರದ ತಲೆಯನ್ನು ಮುಟ್ಟುತ್ತದೆ. ಕೆಳಗಡೆ ದಿನ, ವೇಳೆ, ಸ್ಥಳ. ಅದರ ಕೆಳಗೆ ನಿರ್ದೇಶಕರು, ನಟರು, ಸಂಗೀತ, ನೆರವು ಕೊಟ್ಟವರು.

ಪೋಸ್ಟರ್ ಎಲ್ಲರಿಗೂ ಹಿಡಿಸಿತು. ಈಗ ಇದೇ ವಿನ್ಯಾಸದಲ್ಲಿ ಮನೆಮನೆಗೆ ಹಂಚಲು ಕರಪತ್ರ ಬೇಕು, ಬಸ್ ನಿಲ್ದಾಣದ ಎದುರು ಕಟ್ಟಲು ಹತ್ತು ಅಡಿ ಉದ್ದ, ನಾಲ್ಕು ಅಡಿ ಎತ್ತರದ ಬ್ಯಾನರ್ ಬೇಕು. ಹೊಸದಾಗಿ ಚಿತ್ರ ಬರೆಯಲು ಪುರುಸೊತ್ತಿಲ್ಲ, ಬರೆಯಬೇಕಾದ ಅಗತ್ಯವೂ ಇಲ್ಲ. ಬೆಳಿಗ್ಗೆ ಕರಪತ್ರ ಕೈಗೆ ಬಂದವರು ಸಂಜೆ ಬ್ಯಾನರ್ ಕಂಡಾಗ ‘ಓ, ಅದೇ ನಾಟಕ’ ಎನ್ನಬೇಕಾದರೆ ಮೂರರಲ್ಲೂ ಅದೇ ಮುಖ, ಅದೇ ಬರಹ ಇರಲೇಬೇಕು. ಹಾಗಾದರೆ ಪೋಸ್ಟರಿನ ಫೈಲನ್ನೇ ಕುಗ್ಗಿಸಿ ಒಂದು, ಹಿಗ್ಗಿಸಿ ಇನ್ನೊಂದು ಮಾಡಿದರೆ ಆಗುವುದಿಲ್ಲವೇ? ಆಗುವುದಿಲ್ಲ. ಯಾಕೆಂದು ತಿಳಿಯಲು ಅಳತೆಪಟ್ಟಿಯನ್ನು ಬದಿಗಿಟ್ಟು ನೋಡುವವರ ಕಣ್ಣು ಎಷ್ಟು ದೂರದಲ್ಲಿದೆ ಎಂದು ಕೇಳಬೇಕು.

ಕರಪತ್ರವನ್ನು ನಾವು ಓದುವುದು ಕೈಯಲ್ಲಿ ಹಿಡಿದು, ಹದಿನೈದು ಇಂಚಿನಷ್ಟು ದೂರದಿಂದ. ಗೋಡೆಗೆ ಅಂಟಿಸಿದ ಪೋಸ್ಟರನ್ನು ನೋಡುವುದು ಸುಮಾರು ಆರು ಅಡಿಯಿಂದ. ಬ್ಯಾನರನ್ನು ರಸ್ತೆಯ ಆಚೆಯಿಂದ, ಅಂದರೆ ಅರವತ್ತು ಅಡಿಯಿಂದ ಎನ್ನೋಣ. ದೂರ ಹೆಚ್ಚಿದಷ್ಟೂ ವಸ್ತು ಚಿಕ್ಕದಾಗಿ ಕಾಣುತ್ತದೆ. 18 ಇಂಚು ಅಗಲ, 23 ಇಂಚು ಎತ್ತರದ ಡೆಮಿ ಪೋಸ್ಟರ್ ಆರು ಅಡಿ ದೂರದಿಂದ ಕಾಣುವುದು, ಕೈಯಲ್ಲಿ ಹಿಡಿದ ಮೂರೂ ಮುಕ್ಕಾಲು ಇಂಚು ಅಗಲ, ನಾಲ್ಕೂ ಮುಕ್ಕಾಲು ಇಂಚು ಎತ್ತರದ ಕಾಗದದಷ್ಟು. ಅಂದರೆ ಹೆಚ್ಚುಕಡಿಮೆ ಒಂದು ಅಂಚೆ ಕಾರ್ಡು. ಅರವತ್ತು ಅಡಿ ದೂರದ ಬ್ಯಾನರ್ ಕಾಣುವುದು ಎರಡೂವರೆ ಇಂಚು ಉದ್ದ, ಒಂದೇ ಇಂಚು ಎತ್ತರದ ಚೀಟಿಯಷ್ಟು. ಇವೆರಡಕ್ಕೂ ಹೋಲಿಸಿದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರದ ಕರಪತ್ರವೇ ಕಣ್ಣಿಗೆ ದೊಡ್ಡದು!

ಕೆಲಸದ ದಾರಿ ತಲೆಕೆಳಗಾಗುವುದು ಇಲ್ಲೇ. ಬ್ಯಾನರ್ ದೊಡ್ಡದಲ್ಲವೇ, ಎಲ್ಲ ಹೆಸರೂ ಹಿಡಿಸುತ್ತದೆ ಎಂದು ಸಮಿತಿಯವರಿಗೆ ಅನಿಸುತ್ತದೆ. ಕರಪತ್ರ ಚಿಕ್ಕದು, ಅದರಲ್ಲಿ ಮುಖ್ಯವಾದುದಷ್ಟೇ ಇರಲಿ ಎನ್ನುತ್ತಾರೆ. ಕಣ್ಣಿನ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಅತಿ ಹೆಚ್ಚು ಮಾತು ಕರಪತ್ರಕ್ಕೆ, ಅತಿ ಕಡಿಮೆ ಮಾತು ಬ್ಯಾನರಿಗೆ. ಮೂರು ಅಳತೆಗಳ ನಡುವೆ ನಿಜವಾಗಿ ಬದಲಾಗುವುದು ಮಾತಿನ ಪ್ರಮಾಣ ಮತ್ತು ತುಣುಕುಗಳು ಕೂರುವ ಜಾಗ. ಚಿತ್ರ, ಶೀರ್ಷಿಕೆಯ ಬರಹ, ಬಣ್ಣ ಇವನ್ನು ಮುಟ್ಟಬೇಕಿಲ್ಲ.

ಆದ್ದರಿಂದ ಮೊದಲು ಮಾಡಬೇಕಾದದ್ದು ಪೋಸ್ಟರಿನಲ್ಲಿ ಇರುವುದನ್ನೆಲ್ಲ ಮೂರು ಗುಂಪಾಗಿ ಬಿಡಿಸಿಕೊಳ್ಳುವುದು. ಮುಖ ಮತ್ತು ಶೀರ್ಷಿಕೆ ಒಂದು ಗುಂಪು. ಯಾವಾಗ, ಎಲ್ಲಿ ಎಂಬುದು ಎರಡನೆಯದು. ಉಳಿದ ಹೆಸರುಗಳೆಲ್ಲ ಮೂರನೆಯದು. ಮೊದಲ ಗುಂಪಿನಲ್ಲಿ ಒಂದು ಸಣ್ಣ ಸಂಗತಿಯನ್ನು ಬಹಳ ಜೋಪಾನ ಮಾಡಬೇಕು, ಅದು ಮೀಸೆಯ ತುದಿ ‘ಜೋ’ವನ್ನು ಮುಟ್ಟುವ ಆ ಜಾಗ. ನೋಡುವವರ ಮನಸ್ಸಿನಲ್ಲಿ ಈ ಪೋಸ್ಟರಿನ ಗುರುತಾಗಿ ಉಳಿಯುವುದು ಹಳದಿ ಬಣ್ಣಕ್ಕಿಂತ ಹೆಚ್ಚಾಗಿ ಚಿತ್ರವೂ ಅಕ್ಷರವೂ ಸೇರುವ ಈ ಗಂಟು. ಅದನ್ನು ಬಿಡಿಸಿ ಮುಖವನ್ನೊಂದು ಕಡೆ, ಹೆಸರನ್ನೊಂದು ಕಡೆ ಇಟ್ಟರೆ ಎಲ್ಲ ತುಣುಕೂ ಅವೇ ಇದ್ದರೂ ಬೇರೆಯದೇ ವಿನ್ಯಾಸದಂತೆ ಕಾಣುತ್ತದೆ.

ಈಗ ಕರಪತ್ರಕ್ಕೆ ಬರೋಣ. ನಮ್ಮ ಪ್ರೆಸ್‌ಗಳಲ್ಲಿ ಇದನ್ನು ಒನ್ ಬೈ ಏಯ್ಟ್ ಡೆಮಿ ಎನ್ನುತ್ತಾರೆ, ಡೆಮಿ ಹಾಳೆಯ ಎಂಟನೇ ಒಂದು ಭಾಗ. ಇಲ್ಲೊಂದು ಸೂಕ್ಷ್ಮವಿದೆ. 18×23 ಇಂಚಿನ ಹಾಳೆಯನ್ನು ನಾಲ್ಕು ಮಾಡಿದರೆ ಆಕಾರ ಮೊದಲಿನದೇ ಇರುತ್ತದೆ, ಆದರೆ ಎಂಟು ಮಾಡಿದರೆ ಬದಲಾಗುತ್ತದೆ. ಎಂಟನೇ ಭಾಗ ಹೆಚ್ಚು ನೀಳ. ಎ2, ಎ3, ಎ4 ಎನ್ನುವ ಅಳತೆಗಳಲ್ಲಿ ಈ ತೊಂದರೆ ಇಲ್ಲ, ಅವು ಎಷ್ಟು ಸಲ ಅರ್ಧ ಮಾಡಿದರೂ ಅದೇ ಆಕಾರದಲ್ಲಿ ಉಳಿಯುವಂತೆ ಲೆಕ್ಕ ಹಾಕಿದವು. ಡೆಮಿಯಲ್ಲಿ ನಮ್ಮ ಪೋಸ್ಟರನ್ನು ಐದೂವರೆ ಇಂಚು ಅಗಲಕ್ಕೆ ಕುಗ್ಗಿಸಿದರೆ ಎತ್ತರ ಏಳು ಇಂಚಿಗೆ ನಿಲ್ಲುತ್ತದೆ, ಕೆಳಗೆ ಒಂದೂವರೆ ಇಂಚು ಖಾಲಿ ಉಳಿಯುತ್ತದೆ. ಆ ಖಾಲಿ ತುಂಬಲೆಂದು ಚಿತ್ರವನ್ನು ಕೆಳಕ್ಕೆ ಎಳೆಯುವವರುಂಟು, ಜೋಕುಮಾರನ ಮುಖ ಸೋರೆಕಾಯಿಯ ಹಾಗೆ ಉದ್ದವಾಗುತ್ತದೆ. ನಿಜಕ್ಕೂ ಆ ಒಂದೂವರೆ ಇಂಚು ನಮಗೆ ಬೇಕಾಗಿದ್ದ ಜಾಗ. ಕರಪತ್ರದಲ್ಲಿ ಹೆಚ್ಚು ಮಾತು ಇರಬೇಕು ಎಂದೆವಲ್ಲ, ಆ ಮಾತು ಕೂರುವುದು ಅಲ್ಲಿ.

ಮೊದಲ ಎರಡು ಗುಂಪುಗಳನ್ನು ಇದ್ದ ಹಾಗೇ ಕುಗ್ಗಿಸಬಹುದು. ಪೋಸ್ಟರಿನಲ್ಲಿ ಎರಡು ಇಂಚು ಎತ್ತರ ಇದ್ದ ಶೀರ್ಷಿಕೆ ಇಲ್ಲಿ ಅರ್ಧ ಇಂಚಿಗಿಂತ ತುಸು ಹೆಚ್ಚು, ಅದು ಧಾರಾಳವಾಯಿತು. ಮೂರನೇ ಗುಂಪನ್ನು ಮಾತ್ರ ಕುಗ್ಗಿಸಬಾರದು, ಹೊಸದಾಗಿ ಜೋಡಿಸಬೇಕು. ಪೋಸ್ಟರಿನಲ್ಲಿ 24 ಪಾಯಿಂಟ್ ಇದ್ದ ನಟರ ಹೆಸರುಗಳು ಕುಗ್ಗಿದರೆ ಏಳು ಪಾಯಿಂಟಿನ ಆಸುಪಾಸಿಗೆ ಬರುತ್ತವೆ. ಇಂಗ್ಲಿಷ್ ಅಕ್ಷರ ಏಳು ಪಾಯಿಂಟಿನಲ್ಲಿ ಹೇಗೋ ಓದಿಸಿಕೊಳ್ಳುತ್ತದೆ. ಕನ್ನಡದಲ್ಲಿ ಒತ್ತಕ್ಷರ ಮೂಲ ಅಕ್ಷರಕ್ಕಿಂತ ಎಷ್ಟೋ ಚಿಕ್ಕದು. ಏಳು ಪಾಯಿಂಟಿನ ‘ಕೃಷ್ಣಮೂರ್ತಿ’ಯಲ್ಲಿ ಣ ಒತ್ತು ಬರೀ ಶಾಯಿಯ ಗುಡ್ಡೆಯಾಗುತ್ತದೆ. ತೆಳ್ಳನೆಯ ಕರಪತ್ರದ ಕಾಗದ ಶಾಯಿಯನ್ನು ಹೀರಿ ಹರಡುವುದರಿಂದ ಇನ್ನಷ್ಟು ಕೆಡುತ್ತದೆ. ಹತ್ತು ಪಾಯಿಂಟಿಗಿಂತ ಕೆಳಗೆ ಇಳಿಯದಿರುವುದು ಒಳ್ಳೆಯದು. ಹತ್ತು ಪಾಯಿಂಟಿನಲ್ಲಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಷ್ಟು ಅಂತರ ಬಿಟ್ಟರೆ, ಆ ಪಟ್ಟಿಯಲ್ಲಿ ಆರು ಸಾಲು ಕೂರುತ್ತದೆ. ಇನ್ನೂ ಹೆಸರು ಮಿಕ್ಕರೆ ಹಿಂಬದಿ ಇದೆ.

ಕರಪತ್ರದ ಇನ್ನೊಂದು ಪರೀಕ್ಷೆ ಬಣ್ಣದ್ದು. ಪೋಸ್ಟರ್ ನಾಲ್ಕು ಬಣ್ಣದಲ್ಲಿ ಬಂದಿರಬಹುದು. ಕರಪತ್ರವನ್ನು ಖರ್ಚು ಉಳಿಸಲು ಒಂದೇ ಬಣ್ಣದಲ್ಲಿ, ಹಳದಿ ಇಲ್ಲವೇ ಗುಲಾಬಿ ಕಾಗದದ ಮೇಲೆ ಮಾಡಿಸುವುದು ಎಲ್ಲ ಕಡೆಯ ರೂಢಿ. ಆಗ ಬಣ್ಣ ಹೋಗುತ್ತದೆ, ಉಳಿಯುವುದು ತಿಳಿ ಮತ್ತು ಗಾಢದ ವ್ಯತ್ಯಾಸ ಮಾತ್ರ. ನಮ್ಮ ಪೋಸ್ಟರಿನಲ್ಲಿ ತಿಳಿ ಹಳದಿಯ ಮೇಲೆ ಕಡುಗಂದು ಇರುವುದರಿಂದ ಬಚಾವ್. ಅದೇ ಶೀರ್ಷಿಕೆಯನ್ನು ಬೇವಿನ ಹಸಿರಿನ ಮೇಲೆ ಕೆಂಪಿನಲ್ಲಿ ಬರೆದಿದ್ದರೆ ಪೋಸ್ಟರಿನಲ್ಲಿ ಕಣ್ಣು ಕುಕ್ಕುತ್ತಿತ್ತು, ಕರಪತ್ರದಲ್ಲಿ ಕಾಣೆಯಾಗುತ್ತಿತ್ತು. ಆ ಕೆಂಪು, ಆ ಹಸಿರು ಎರಡೂ ಒಂದೇ ಬಗೆಯ ಬೂದಿಯಾಗುತ್ತವೆ. ಪೋಸ್ಟರ್ ಮುಗಿಸುವ ಮುಂಚೆ ಕಂಪ್ಯೂಟರಿನಲ್ಲಿ ಅದನ್ನು ಕಪ್ಪುಬಿಳುಪಿಗೆ ತಿರುಗಿಸಿ ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ, ಆಗಲೇ ಸರಿಪಡಿಸಿದರೆ ಮುಂದಿನ ಮೂರೂ ಸಲೀಸು.

ಬ್ಯಾನರಿನ ಕಥೆ ಬೇರೆ. ಪೋಸ್ಟರ್ ನಿಂತ ಆಕಾರ, ಬ್ಯಾನರ್ ಮಲಗಿದ ಆಕಾರ. ನಾಲ್ಕು ಅಡಿ ಎತ್ತರಕ್ಕೆ ಪೋಸ್ಟರನ್ನು ಹಿಗ್ಗಿಸಿದರೆ ಅಗಲ ಮೂರು ಅಡಿ ಚಿಲ್ಲರೆ ಆಗುತ್ತದೆ, ಇನ್ನೂ ಏಳು ಅಡಿ ಖಾಲಿ. ಫೈಲಿನ ಮೂಲೆ ಹಿಡಿಯುವ ಬದಲು ಪಕ್ಕ ಹಿಡಿದು ಎಳೆದು ಹತ್ತು ಅಡಿಗೆ ಕೂರಿಸಿದ ಬ್ಯಾನರುಗಳನ್ನು ನಾವೆಲ್ಲ ದಿನಾ ನೋಡುತ್ತೇವೆ. ಹಾಗೆ ಎಳೆದಿದ್ದಾರೋ ಇಲ್ಲವೋ ಎಂದು ತಿಳಿಯಲು ಅಕ್ಷರಗಳ ನಡುವಿನ ಸೊನ್ನೆಯನ್ನು ನೋಡಬೇಕು. ‘ಸಂಜೆ’ಯ ಸೊನ್ನೆ ಮೊಟ್ಟೆಯಂತೆ ಅಡ್ಡಕ್ಕೆ ಮಲಗಿದ್ದರೆ ಎಳೆದದ್ದೇ ಸರಿ. ಹಾಗೆ ಎಳೆದಾಗ ಅಕ್ಷರದ ನಿಂತ ಗೆರೆಗಳು ದಪ್ಪವಾಗುತ್ತವೆ, ಮಲಗಿದ ಗೆರೆಗಳು ಇದ್ದಷ್ಟೇ ಉಳಿಯುತ್ತವೆ. ದೂರದಿಂದ ಓದಲು ಬೇಕಾದದ್ದು ಅಕ್ಷರದ ಎತ್ತರ, ಅದಕ್ಕೆ ಒಂದು ಕೂದಲಿನಷ್ಟೂ ಲಾಭವಾಗುವುದಿಲ್ಲ.

ಸರಿಯಾದ ದಾರಿ ಎಂದರೆ ಗುಂಪುಗಳನ್ನು ಒಂದರ ಕೆಳಗೊಂದು ಇಟ್ಟಿದ್ದನ್ನು ಈಗ ಒಂದರ ಪಕ್ಕ ಒಂದು ಇಡುವುದು. ಎಡಗಡೆಯ ಮೂರೂವರೆ ಅಡಿ ಜೋಕುಮಾರನಿಗೆ. ಬೇವಿನ ಸೊಪ್ಪಿನ ಅಂಚು ಕತ್ತರಿಸಿ ಹೋದರೂ ಚಿಂತೆಯಿಲ್ಲ, ಕಣ್ಣು, ಬಾಯಿ, ಮೀಸೆ ಪೂರ್ತಿ ಇರಬೇಕು. ಆದರೆ ಪೋಸ್ಟರಿನಲ್ಲಿ ‘ಜೋ’ವನ್ನು ಮುಟ್ಟುತ್ತಿದ್ದದ್ದು ಎಡ ಮೀಸೆ, ಇಲ್ಲಿ ಶೀರ್ಷಿಕೆ ಬಲಕ್ಕೆ ಹೋಗಿದೆ. ಆಗ ಬಲ ಮೀಸೆಯ ತುದಿಯನ್ನು ಶೀರ್ಷಿಕೆಯತ್ತ ಚಾಚಿ ‘ಜೋ’ವಿನ ತಲೆಗೆ ತಾಗಿಸಬೇಕು. ಇಡೀ ಕೆಲಸದಲ್ಲಿ ಚಿತ್ರಕಾರರ ಕೈ ಮತ್ತೆ ಬೇಕಾಗುವುದು ಈ ಒಂದು ಕಡೆ, ಅದೂ ಹತ್ತು ನಿಮಿಷದ ಕೆಲಸ. ಚಿತ್ರವನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಬಿಟ್ಟರಾಯಿತಲ್ಲ ಎನಿಸಬಹುದು. ಕೈಯಲ್ಲಿ ಬರೆದ ಮುಖದ ಎರಡು ಬದಿ ಒಂದೇ ಥರ ಇರುವುದಿಲ್ಲ, ತಿರುಗಿಸಿದ ಮುಖ ಬೇರೆಯವನ ಮುಖವಾಗಿ ಕಾಣುತ್ತದೆ, ಅದು ಬೇಡ.

ಬಲಗಡೆ ಉಳಿದ ಆರು ಅಡಿ ಚಿಲ್ಲರೆಯಲ್ಲಿ ಏನೇನು ಬರೆಯಬಹುದು? ಬೋರ್ಡು ಬರೆಯುವವರು ಬಳಸುವ ಒಂದು ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ. ಅರವತ್ತು ಅಡಿಗೆ ಆರು ಇಂಚು. ಇದು ಇಂಗ್ಲಿಷಿನ ದೊಡ್ಡಕ್ಷರಗಳನ್ನು ಇಟ್ಟುಕೊಂಡು ಹುಟ್ಟಿದ ಲೆಕ್ಕ. ಕನ್ನಡಕ್ಕೆ ಹಾಕುವಾಗ ಅಕ್ಷರದ ಮೈಯನ್ನಷ್ಟೇ ಅಳೆಯಬೇಕು, ಮೇಲಿನ ಗುಡಿಸು, ಕೆಳಗಿನ ಒತ್ತು ಸೇರಿಸಬಾರದು. ಅಷ್ಟು ಮಾಡಿದರೂ ‘ದ’ ಮತ್ತು ‘ಧ’ಗಳ ನಡುವಿನ ಆ ಸಣ್ಣ ಸೀಳು ಮೈಗಿಂತ ಮೊದಲೇ ಕಣ್ಮರೆಯಾಗುತ್ತದೆ, ‘ಬ’ ಮತ್ತು ‘ಭ’ಗಳದ್ದೂ ಹಾಗೆಯೇ. ಸ್ಥಳದ ಹೆಸರಿನಲ್ಲಿ ಇಂಥ ಅಕ್ಷರವಿದ್ದರೆ ಒಂದೆರಡು ಇಂಚು ಹೆಚ್ಚು ಕೊಡುವುದು ಒಳಿತು.

ಈಗ ಲೆಕ್ಕ ಹಾಕಿ. ಬ್ಯಾನರಿನ ಎತ್ತರ 48 ಇಂಚು. ಮೇಲೆ, ಕೆಳಗೆ ಐದೈದು ಇಂಚು ಖಾಲಿ ಬಿಡಬೇಕು, ಏಕೆಂದರೆ ಅಂಚನ್ನು ಮಡಚಿ ಹೊಲಿಯುತ್ತಾರೆ ಇಲ್ಲವೇ ಮರದ ರೀಪಿಗೆ ಸುತ್ತಿ ಮೊಳೆ ಹೊಡೆಯುತ್ತಾರೆ. ‘ಜೋಕುಮಾರಸ್ವಾಮಿ’ ಆರು ಅಕ್ಷರ. ಆರು ಅಡಿಯಲ್ಲಿ ಒಂದೊಂದಕ್ಕೂ ಸರಾಸರಿ ಒಂದು ಅಡಿ ಅಗಲ ಸಿಗುತ್ತದೆ, ಮೈ ಹತ್ತು ಇಂಚು ಎತ್ತರಕ್ಕೆ ಬರುತ್ತದೆ. ‘ಸ್ವಾ’ದ ವ ಒತ್ತಿಗೆ ಇನ್ನೈದು ಇಂಚು. ಅದರ ಕೆಳಗೆ ಆರು ಇಂಚಿನ ಅಕ್ಷರದಲ್ಲಿ ದಿನ ಮತ್ತು ವೇಳೆ ಒಂದು ಸಾಲು, ಸ್ಥಳ ಇನ್ನೊಂದು ಸಾಲು. ಸಾಲುಗಳ ನಡುವಿನ ಅಂತರ ಕಳೆದರೆ ಮುಗಿಯಿತು, ನಾಲ್ಕು ಅಡಿ ತುಂಬಿಹೋಯಿತು. ಅಗಲವೂ ಬಿಗಿಯೇ. ‘8ನೇ ತಾರೀಖು ಶನಿವಾರ ಸಂಜೆ ಆರೂವರೆಗೆ’ ಎಂದು ಬರೆಯಲು ಜಾಗವಿಲ್ಲ, ‘8 ಶನಿವಾರ, ಸಂಜೆ 6.30’ ಎಂದು ಬರೆಯಲು ಇದೆ. ಕಂಬಾರರ ಹೆಸರೂ ತಂಡದ ಹೆಸರೂ ಮುಖದ ಕೆಳಗೆ ಸಣ್ಣದಾಗಿ ಕೂರಬಹುದು, ಹತ್ತಿರ ಬಂದವರು ಓದಿಕೊಳ್ಳುತ್ತಾರೆ.

ನೆರವು ಕೊಟ್ಟವರ ಹೆಸರು, ಭಾವಚಿತ್ರ ಬ್ಯಾನರಿನಲ್ಲಿ ಬೇಕೇ ಬೇಕು ಎಂಬ ಒತ್ತಾಯ ಬರುವುದು ಈ ಹೊತ್ತಿನಲ್ಲೇ. ಅವರಿಗೆ ತೋರಿಸಲು ಒಂದು ಸುಲಭದ ಸಾಕ್ಷಿ ಇದೆ. ಬ್ಯಾನರಿನ ಫೈಲನ್ನು ಎರಡೂವರೆ ಇಂಚು ಉದ್ದ, ಒಂದು ಇಂಚು ಎತ್ತರಕ್ಕೆ ಪ್ರಿಂಟ್ ತೆಗೆದು, ಕತ್ತರಿಸಿ, ಕೈಯಲ್ಲಿ ಪುಸ್ತಕ ಹಿಡಿಯುವಷ್ಟು ದೂರದಲ್ಲಿ ಹಿಡಿದು ನೋಡಲು ಹೇಳಿ. ರಸ್ತೆಯ ಆಚೆಯಿಂದ ಬ್ಯಾನರ್ ಕಾಣುವುದು ಇಷ್ಟೇ. ಈ ಚೀಟಿಯಲ್ಲಿ ಓದಲಾಗದ ಯಾವ ಹೆಸರೂ ರಸ್ತೆಯಲ್ಲಿ ಓದಿಸಿಕೊಳ್ಳುವುದಿಲ್ಲ. ಹೆಸರು ಜನರಿಗೆ ತಲುಪಬೇಕೆಂದಿದ್ದರೆ ಅದರ ಜಾಗ ಕರಪತ್ರ. ಈ ಚೀಟಿ ಪರೀಕ್ಷೆಯನ್ನು ಪ್ರತಿ ಬ್ಯಾನರಿಗೂ ಮಾಡಬೇಕೆಂದು ನಾನು ಪಟ್ಟುಹಿಡಿದು ಹೇಳುತ್ತೇನೆ, ಇದಕ್ಕೆ ಖರ್ಚಾಗುವುದು ಒಂದು ತುಂಡು ಕಾಗದ. ಕ್ಯೂಆರ್ ಕೋಡಿಗೂ ಇದೇ ನ್ಯಾಯ. ಅದನ್ನು ಅದರ ಅಗಲದ ಹತ್ತು ಪಟ್ಟು ದೂರದಿಂದ ಮೊಬೈಲ್ ಓದಬಲ್ಲದು ಎಂಬುದು ಸಾಮಾನ್ಯ ಅಂದಾಜು. ಅರವತ್ತು ಅಡಿಯಿಂದ ಓದಿಸಬೇಕಾದರೆ ಆರು ಅಡಿ ಅಗಲದ ಕೋಡು ಬೇಕು. ಅದು ಕರಪತ್ರದಲ್ಲೇ ಇರಲಿ, ಅಲ್ಲಿ ಮುಕ್ಕಾಲು ಇಂಚು ಸಾಕು.

ಚಿತ್ರದ ಗುಣಮಟ್ಟದ ವಿಷಯದಲ್ಲೂ ದೂರ ಅದೇ ಪಾಠ ಹೇಳುತ್ತದೆ. ಬ್ಯಾನರ್ ದೊಡ್ಡದಾದ್ದರಿಂದ ಭಾರಿ ಫೈಲ್ ಬೇಕೆಂದು ಗಾಬರಿಯಾಗಬೇಕಿಲ್ಲ. ಒಳ್ಳೆಯ ಕಣ್ಣಿಗೂ ಅರವತ್ತು ಅಡಿ ದೂರದಲ್ಲಿ ಸುಮಾರು ಐದು ಮಿಲಿಮೀಟರಿಗಿಂತ ಚಿಕ್ಕ ವಿವರ ಬೇರೆಬೇರೆಯಾಗಿ ತೋರುವುದಿಲ್ಲ. ಇಂಚಿಗೆ 50 ಚುಕ್ಕೆ ಇದ್ದರೂ ಬ್ಯಾನರ್ ಚೆನ್ನಾಗಿಯೇ ಕಾಣುತ್ತದೆ. ಪೋಸ್ಟರಿಗೆ ಮತ್ತು ಕರಪತ್ರಕ್ಕೆ ಮಾತ್ರ ಇಂಚಿಗೆ 300ರ ಹತ್ತಿರ ಬೇಕು. ಜೋಕುಮಾರನ ಮೂಲ ಚಿತ್ರವನ್ನು ಎ4 ಹಾಳೆಯಲ್ಲಿ ಬರೆದು ಇಂಚಿಗೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಎತ್ತರಕ್ಕೆ ಏಳು ಸಾವಿರ ಚುಕ್ಕೆ ಸಿಗುತ್ತವೆ, ಮೂರಕ್ಕೂ ಸಾಕು. ಅದನ್ನು ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಬಹುಪಾಲು ಚುಕ್ಕೆಗಳು ದಾರಿಯಲ್ಲೇ ಉದುರಿಹೋಗುತ್ತವೆ. ಆ ಚಿತ್ರ ಬ್ಯಾನರಿನಲ್ಲಿ ದಾಟಿಕೊಳ್ಳಬಹುದು, ಪೋಸ್ಟರಿನಲ್ಲಿ ಮಸುಕಾಗಿ ಸಿಕ್ಕಿಬೀಳುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಸರಿ.

ಇನ್ನು ಅಕ್ಷರದ ಸುತ್ತ ಹಾಕುವ ಗೆರೆ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಈ ಕೆಲಸ ನಡೆಯುವುದು ಹೆಚ್ಚಾಗಿ CorelDRAW ತಂತ್ರಾಂಶದಲ್ಲಿ. ಶೀರ್ಷಿಕೆ ಎದ್ದುಕಾಣಲೆಂದು ಅದರ ಸುತ್ತ ನಾಲ್ಕು ಮಿಲಿಮೀಟರ್ ದಪ್ಪದ ಬಿಳಿ ಗೆರೆ ಕೊಟ್ಟಿದ್ದಾರೆ ಎನ್ನಿ. ಔಟ್‌ಲೈನ್ ಆಯ್ಕೆಗಳಲ್ಲಿ Scale with object ಎಂಬ ಚೌಕಕ್ಕೆ ಟಿಕ್ ಹಾಕಿರದಿದ್ದರೆ ಅಕ್ಷರ ಕುಗ್ಗುತ್ತದೆ, ಗೆರೆ ಕುಗ್ಗುವುದಿಲ್ಲ. ಕರಪತ್ರದಲ್ಲಿ ಹದಿನೈದು ಮಿಲಿಮೀಟರಿನ ಅಕ್ಷರಕ್ಕೂ ಅದೇ ನಾಲ್ಕು ಮಿಲಿಮೀಟರಿನ ಗೆರೆ ಸುತ್ತಿಕೊಂಡು ‘ಮಾ’ದ ಹೊಟ್ಟೆಯೇ ಮುಚ್ಚಿಹೋಗುತ್ತದೆ. ಬ್ಯಾನರಿನಲ್ಲಿ ಹತ್ತು ಇಂಚಿನ ಅಕ್ಷರದ ಸುತ್ತ ಅದೇ ಗೆರೆ ನೂಲಿನಂತಾಗಿ, ಅರವತ್ತು ಅಡಿಗೆ ಇಲ್ಲವೇ ಇಲ್ಲ. ಟಿಕ್ ಹಾಕಿದ್ದರೆ ಎರಡೂ ತಾಪತ್ರಯ ಇಲ್ಲ. ಫೈಲನ್ನು ಬ್ಯಾನರ್ ಅಂಗಡಿಗೆ ಕೊಡುವ ಮುಂಚೆ ಅಕ್ಷರಗಳನ್ನೆಲ್ಲ ಆರಿಸಿ Ctrl+Q ಒತ್ತಿ ಕರ್ವ್ಸ್ ಮಾಡುವುದನ್ನೂ ಮರೆಯಬಾರದು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟಿನಲ್ಲಿ ಜೋಡಿಸಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಒಮ್ಮೆ ಕರ್ವ್ಸ್ ಮಾಡಿದ ಮೇಲೆ ತಿದ್ದಲಾಗದು, ತಿದ್ದಬಹುದಾದ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಬೇಕು. ನಾಟಕದ ವೇಳೆ ಕೊನೆಯಲ್ಲಿ ಬದಲಾಗುವುದು ಹೊಸದೇನಲ್ಲ. ಆಗ ತಿದ್ದುಪಡಿ ಮೂರು ಫೈಲಿಗೂ ಹೋಗಬೇಕು.

ಪ್ಲಾಸ್ಟಿಕ್ ಫ್ಲೆಕ್ಸನ್ನು ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಆದ್ದರಿಂದ ಬ್ಯಾನರ್ ಬಟ್ಟೆಯದ್ದಾಗಿರಬೇಕು, ಕಟ್ಟಲು ಪುರಸಭೆಯ ಅನುಮತಿಯೂ ಬೇಕು. ವಿನ್ಯಾಸಕ್ಕೆ ಬಟ್ಟೆಯಿಂದ ಬರುವ ಬದಲಾವಣೆ ಸ್ವಲ್ಪವೇ: ಶಾಯಿ ನೂಲಿನೊಳಗೆ ಇಳಿಯುವುದರಿಂದ ಬಣ್ಣ ಫ್ಲೆಕ್ಸಿಗಿಂತ ಒಂದು ಪಟ್ಟು ಮಂಕು, ಸಣ್ಣ ಗೆರೆಗಳ ಅಂಚು ಚೂಪಾಗಿ ನಿಲ್ಲುವುದಿಲ್ಲ. ಕಡುಗಂದನ್ನು ಇನ್ನೂ ತುಸು ಗಾಢ ಮಾಡಿದರೆ ಸರಿಹೋಗುತ್ತದೆ. ಗಾಳಿ ಹೆಚ್ಚಿರುವ ಕಡೆ ಕಟ್ಟುವವರು ಬಟ್ಟೆಯಲ್ಲಿ ಅಲ್ಲಲ್ಲಿ ಅರ್ಧಚಂದ್ರದ ಹಾಗೆ ಸೀಳು ಕೊಡುತ್ತಾರೆ. ಎಲ್ಲಿ ಸೀಳಬಹುದೆಂದು ಮೊದಲೇ ಸೀಸದಕಡ್ಡಿಯಲ್ಲಿ ಗುರುತು ಹಾಕಿ ಕೊಟ್ಟರೆ ‘6.30’ರ ಮೂರು ಉಳಿದುಕೊಳ್ಳುತ್ತದೆ.

ಈ ವಿಧಾನಕ್ಕೆ ಒಂದು ಮಿತಿ ಇದೆ. ಹತ್ತು ಅಡಿಗೆ ನಾಲ್ಕು ಅಡಿಯವರೆಗೆ ಮುಖ ಮತ್ತು ಶೀರ್ಷಿಕೆ ಪಕ್ಕಪಕ್ಕ ಕೂರುತ್ತವೆ. ರಸ್ತೆಗೆ ಅಡ್ಡಲಾಗಿ ಕಟ್ಟುವ ಇಪ್ಪತ್ತು ಅಡಿ ಉದ್ದ, ಮೂರು ಅಡಿ ಎತ್ತರದ ಪಟ್ಟಿ ಬೇಕೆಂದರೆ ಪೂರ್ತಿ ಮುಖ ಅಲ್ಲಿ ಬಿಲ್ಲೆಯಷ್ಟಾಗಿ ಕಳೆದುಹೋಗುತ್ತದೆ. ಅಲ್ಲಿ ಹಣೆ, ಗದ್ದ, ಸೊಪ್ಪು ಎಲ್ಲ ಬಿಟ್ಟು ಕಣ್ಣುಗಳಿಂದ ಮೀಸೆಯವರೆಗಿನ ಭಾಗವನ್ನಷ್ಟೇ ಮೂರು ಅಡಿ ಎತ್ತರಕ್ಕೆ ತುಂಬಿಸಿ, ಮೀಸೆಯ ತುದಿಯಿಂದ ಶೀರ್ಷಿಕೆ ಶುರುಮಾಡಬಹುದು. ಪೋಸ್ಟರ್ ನೋಡಿದವರಿಗೆ ಅಷ್ಟು ಸಾಕಾಗುತ್ತದೆ. ಅದಕ್ಕಿಂತ ಉದ್ದದ ಪಟ್ಟಿಯಾದರೆ ಮುಖವನ್ನು ಕೈಬಿಟ್ಟು, ಅದೇ ಹಳದಿಯ ಮೇಲೆ ಅದೇ ಕೈಬರಹದ ಹೆಸರನ್ನಷ್ಟೇ ಬರೆಸುವುದು ಮೇಲು.